ಅಮ್ಮನ ನಂತರ ತಮ್ಮನಿಗೆ ಕುಟುಂಬ ಪಿಂಚಣಿ: ನಾವು ಮಾಡಿಸಿದ ಬಗೆ

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ ಇದೆ. ಈಗ ಅವನಿಗೆ ನಲವತ್ತು ದಾಟಿದೆ. ನಮ್ಮ ತಂದೆ ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಕೆಲಸ ಮಾಡಿ 2008ರಲ್ಲಿ ನಿವೃತ್ತರಾದರು, 2019ರಲ್ಲಿ ತೀರಿಕೊಂಡರು. ಆಮೇಲೆ ಕುಟುಂಬ ಪಿಂಚಣಿ ಅಮ್ಮನಿಗೆ ಬರುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಅಮ್ಮನೂ ಹೋದರು. ಈಗ ಅದೇ ಪಿಂಚಣಿ ತಮ್ಮನ ಖಾತೆಗೆ ಬರುತ್ತಿದೆ, ಅವನಿರುವವರೆಗೂ ಬರುತ್ತದೆ. ಇದಕ್ಕೆ ಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲನ್ನು ನಾವು ಅಮ್ಮ ಬದುಕಿದ್ದಾಗಲೇ ಮುಗಿಸಿದ್ದೆವು. ಅದನ್ನೇ ಮುಖ್ಯವಾಗಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಕ್ಕು ಯಾರಿಗೆ ಎನ್ನುವುದನ್ನು ನೋಡೋಣ. ಕೇಂದ್ರ ನಾಗರಿಕ ಸೇವಾ ಪಿಂಚಣಿ ನಿಯಮಗಳು 2021ರಲ್ಲಿ ಬಂದಿವೆ. ಅದರ 50ನೇ ನಿಯಮ ಕುಟುಂಬ ಪಿಂಚಣಿಗೆ ಸಂಬಂಧಿಸಿದ್ದು. ಮೊದಲ ಹಕ್ಕು ಹೆಂಡತಿ ಅಥವಾ ಗಂಡನದು. ಅವರ ನಂತರ 25 ತುಂಬದ ಮಕ್ಕಳಿದ್ದರೆ ಅವರದು. ಅಂಥವರು ಯಾರೂ ಇಲ್ಲದಿದ್ದರೆ, ದುಡಿದು ಬದುಕಲಾಗದ ಅಂಗವಿಕಲ ಮಗ ಅಥವಾ ಮಗಳಿಗೆ, ವಯಸ್ಸು ಎಷ್ಟೇ ಆಗಿರಲಿ, ಜೀವನಪೂರ್ತಿ ಸಿಗುತ್ತದೆ. ಮದುವೆಯಾದರೆ ಹಕ್ಕು ಹೋಗುತ್ತದೆ ಎನ್ನುವ ಹಳೆಯ ಮಾತು ಈಗ ಸರಿಯಲ್ಲ, 2012ರಿಂದಲೇ ಅಂಗವಿಕಲ ಮಕ್ಕಳಿಗೆ ಆ ಅಡ್ಡಿ ಇಲ್ಲ. ಅಂಥ ಮಕ್ಕಳು ಇಬ್ಬರಿದ್ದರೆ ಹಿರಿಯರಿಗೆ ಮೊದಲು ಬರುತ್ತದೆ, ಅವರ ನಂತರ ಕಿರಿಯರಿಗೆ. ನಾನು ಹೇಳುತ್ತಿರುವುದೆಲ್ಲ ಕೇಂದ್ರ ಸರ್ಕಾರದ ಹಳೆಯ ಪಿಂಚಣಿಯ ಮಾತು. ಕರ್ನಾಟಕ ಸರ್ಕಾರಿ ನೌಕರರಿಗೆ 2002ರ ಕುಟುಂಬ ಪಿಂಚಣಿ ನಿಯಮಗಳು ಬೇರೆಯೇ ಇವೆ. ಪಿಎಫ್ ಪಿಂಚಣಿಯಲ್ಲೂ ಪೂರ್ಣ ಅಂಗವಿಕಲರಾದ ಮಗುವಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಇದೆ, ಆದರೆ ಅದರ ದಾರಿ ಬೇರೆ.

ಅಪ್ಪ ತೀರಿಕೊಂಡ ಮೇಲೆ ಅವರ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ತೆಗೆದು ನೋಡಿದಾಗ ಅದರಲ್ಲಿ ಅಮ್ಮನ ಹೆಸರಷ್ಟೇ ಇತ್ತು. ತಮ್ಮನ ಹೆಸರು ಸೇವಾ ದಾಖಲೆಯ ಕುಟುಂಬ ವಿವರದಲ್ಲಿತ್ತು, ಪಿಪಿಒದಲ್ಲಿ ಇರಲಿಲ್ಲ. ಪಿಪಿಒದಲ್ಲಿ ಅವನ ಹೆಸರಿಲ್ಲದಿದ್ದರೆ, ಅಮ್ಮ ಹೋದ ಮೇಲೆ ಬ್ಯಾಂಕು ತಾನಾಗಿ ಏನೂ ಮಾಡುವಂತಿಲ್ಲ. ಕಡತ ಅಪ್ಪ ಕೊನೆಗೆ ಕೆಲಸ ಮಾಡಿದ ಕಚೇರಿಯಿಂದ ಹೊಸದಾಗಿ ಹೊರಡಬೇಕು. ಅಷ್ಟು ಹೊತ್ತಿಗೆ ಮಗುವಿನ ಪರಿಸ್ಥಿತಿಯ ಬಗ್ಗೆ ಸಹಿ ಹಾಕಿ ಹೇಳಬೇಕಾದ ತಂದೆ ತಾಯಿ ಇಬ್ಬರೂ ಇರುವುದಿಲ್ಲ. ಆದರೆ ಪಿಂಚಣಿದಾರರಾಗಲಿ, ಅವರ ನಂತರ ಅವರ ಹೆಂಡತಿ ಅಥವಾ ಗಂಡನಾಗಲಿ, ತಾವಿರುವಾಗಲೇ ಶಾಶ್ವತ ಅಂಗವೈಕಲ್ಯವಿರುವ ಮಗುವಿನ ಹೆಸರನ್ನು ಪಿಪಿಒಗೆ ಸೇರಿಸಲು ಕೋರಬಹುದು. ಅಮ್ಮ ಅದನ್ನೇ ಮಾಡಿದರು.

ಅರ್ಜಿ ಕೊಡಬೇಕಾದದ್ದು ಬ್ಯಾಂಕಿಗಲ್ಲ, ಅಪ್ಪ ನಿವೃತ್ತರಾದ ಕಚೇರಿಯ ಮುಖ್ಯಸ್ಥರಿಗೆ. ಅಲ್ಲಿಂದ ಅದು ಪೇ ಅಂಡ್ ಅಕೌಂಟ್ಸ್ ಕಚೇರಿಗೆ ಹೋಗುತ್ತದೆ, ಅಲ್ಲಿಂದ ದೆಹಲಿಯ ಕೇಂದ್ರ ಪಿಂಚಣಿ ಲೆಕ್ಕಪತ್ರ ಕಚೇರಿಗೆ, ಅಲ್ಲಿಂದ ಬ್ಯಾಂಕಿನ ಕೇಂದ್ರ ಪಿಂಚಣಿ ವಿಭಾಗಕ್ಕೆ. ಅಪ್ಪನ ಕಚೇರಿ ಅಷ್ಟರಲ್ಲಿ ಇನ್ನೊಂದರ ಜೊತೆ ಸೇರಿಹೋಗಿತ್ತು. ಹಾಗಾಗಿದ್ದರೆ ಪಿಪಿಒ ಸಂಖ್ಯೆಯನ್ನು ನೋಡಿ. ಹನ್ನೆರಡು ಅಂಕಿಯ ಆ ಸಂಖ್ಯೆಯ ಮೊದಲ ಐದು ಅಂಕಿ ಪೇ ಅಂಡ್ ಅಕೌಂಟ್ಸ್ ಕಚೇರಿಯ ಸಂಕೇತ. ಅದನ್ನು ಹಿಡಿದು ವಿಚಾರಿಸಿದರೆ ಕಡತ ಈಗ ಯಾರ ಕೈಯಲ್ಲಿದೆ ಎಂದು ಹೇಳುತ್ತಾರೆ. ನಮಗೆ ಹಾಗೇ ಗೊತ್ತಾಯಿತು.

ಅರ್ಜಿಯ ಜೊತೆ ಹೆಚ್ಚು ತೂಕವಿದ್ದ ಕಾಗದ ವೈದ್ಯಕೀಯ ಪ್ರಮಾಣಪತ್ರ. ತಮ್ಮನ ಹತ್ತಿರ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇತ್ತು. ಅದರಲ್ಲಿ ಅಂಗವೈಕಲ್ಯದ ಬಗೆ ಮತ್ತು ಶೇಕಡಾವಾರು ಇರುತ್ತದೆ. ಆದರೆ ಪಿಂಚಣಿ ಮಂಜೂರು ಮಾಡುವವರು ಕೇಳುವ ಪ್ರಶ್ನೆ ಬೇರೆ: ಈ ವ್ಯಕ್ತಿ ದುಡಿದು ಬದುಕಲು ಆಗುತ್ತದೆಯೇ, ಈ ಸ್ಥಿತಿ ಶಾಶ್ವತವೇ? ನಾವು ಜಿಲ್ಲಾಸ್ಪತ್ರೆಯ ವೈದ್ಯಕೀಯ ಮಂಡಳಿಗೆ ಹೋದಾಗ ಅಮ್ಮ ಒಂದು ಪತ್ರ ಬರೆದುಕೊಂಡು ಬಂದಿದ್ದರು. ಇದು ಕುಟುಂಬ ಪಿಂಚಣಿಗಾಗಿ, ಆದ್ದರಿಂದ ಈ ಎರಡು ಮಾತು ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ಬರಲಿ ಎಂದು ಕೋರಿದ್ದರು. ಮಂಡಳಿಯಲ್ಲಿದ್ದ ಮನೋವೈದ್ಯರು ತಮ್ಮನಿಗೆ ಹತ್ತು ರೂಪಾಯಿಯ ನೋಟು ಕೊಟ್ಟು, "ಆರು ರೂಪಾಯಿದು ಬಿಸ್ಕೆಟ್ ತಗೊಂಡ್ರೆ ಎಷ್ಟು ವಾಪಸ್ ಕೊಡ್ತಾರಪ್ಪ?" ಎಂದು ಕೇಳಿದರು. ಅವನು ನೋಟನ್ನು ಮಡಿಸಿ ಜೇಬಿಗಿಟ್ಟುಕೊಂಡು "ಅಕ್ಕ ಹೇಳ್ತಾಳೆ" ಎಂದ. ಪ್ರಮಾಣಪತ್ರದಲ್ಲಿ ಅವರು ಹಣದ ವ್ಯವಹಾರ ತಿಳಿಯುವುದಿಲ್ಲ, ಸ್ವತಂತ್ರವಾಗಿ ಜೀವನೋಪಾಯ ಗಳಿಸಲು ಅಸಮರ್ಥ, ಸ್ಥಿತಿ ಹುಟ್ಟಿನಿಂದ ಇದೆ ಮತ್ತು ಶಾಶ್ವತ ಎಂದು ಬರೆದರು. ಶಾಶ್ವತ ಎಂದು ಬಂದರೆ ಮತ್ತೆ ಮತ್ತೆ ಪ್ರಮಾಣಪತ್ರ ತರಬೇಕಿಲ್ಲ. ತಾತ್ಕಾಲಿಕ ಎಂದಿದ್ದರೆ ಐದು ವರ್ಷಕ್ಕೊಮ್ಮೆ ಹೊಸದು ಬೇಕು. ಹುಟ್ಟಿನಿಂದ ಎನ್ನುವ ಮಾತೂ ಮುಖ್ಯ, ಏಕೆಂದರೆ ತಂದೆ ತಾಯಿ ಇದ್ದಾಗಲೇ ಆ ಸ್ಥಿತಿ ಇತ್ತು ಎಂದು ಅದರಿಂದ ಖಚಿತವಾಗುತ್ತದೆ.

ಎರಡನೆಯದು ಆದಾಯ. ತುಂಬ ಮನೆಗಳಲ್ಲಿ ತಿಳಿಯದೇ ಹಕ್ಕು ಕೈತಪ್ಪುವುದು ಇಲ್ಲೇ. 2021ರ ಫೆಬ್ರವರಿಯ ಆದೇಶದ ಪ್ರಕಾರ, ಕುಟುಂಬ ಪಿಂಚಣಿ ಬಿಟ್ಟು ಬೇರೆ ಎಲ್ಲ ಮೂಲಗಳಿಂದ ಮಗುವಿಗೆ ಬರುವ ಆದಾಯ, ಅವನಿಗೆ ಸಿಗಬೇಕಾದ ಸಾಮಾನ್ಯ ದರದ ಕುಟುಂಬ ಪಿಂಚಣಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ ಸೇರಿದ ಮೊತ್ತಕ್ಕಿಂತ ಕಡಿಮೆ ಇರಬೇಕು. ಅದಕ್ಕೆ ಮುಂಚೆ ಮಿತಿ 9,000 ರೂಪಾಯಿ ಮತ್ತು ತುಟ್ಟಿಭತ್ಯೆ ಅಷ್ಟೇ ಇತ್ತು. ನಮ್ಮ ಲೆಕ್ಕ ಹೀಗೆ. ಪರಿಷ್ಕರಣೆಯಾದ ಮೇಲೆ ಅಪ್ಪನ ಕೊನೆಯ ವೇತನ 44,900. ಸಾಮಾನ್ಯ ದರ ಎಂದರೆ ಅದರ ಶೇಕಡಾ 30, ಅಂದರೆ 13,470. ಅಮ್ಮ ಹೋದಾಗ ತುಟ್ಟಿಭತ್ಯೆ ಶೇಕಡಾ 50 ಇತ್ತು, ಅಂದರೆ 6,735. ಒಟ್ಟು 20,205. ಅದು ತಮ್ಮನಿಗೆ ಬರಬೇಕಾದ ಪಿಂಚಣಿಯೂ ಹೌದು, ಅವನ ಬೇರೆ ಆದಾಯದ ಮಿತಿಯೂ ಹೌದು. ತಮ್ಮನಿಗೆ ವಿಶೇಷ ಮಕ್ಕಳ ತರಬೇತಿ ಕೇಂದ್ರದಲ್ಲಿ ಕವರ್ ಅಂಟಿಸುವುದಕ್ಕೆ ತಿಂಗಳಿಗೆ 3,000 ಕೊಡುತ್ತಾರೆ. ಅಪ್ಪ ಅವನ ಹೆಸರಲ್ಲಿಟ್ಟ ಠೇವಣಿಯ ಬಡ್ಡಿ ತಿಂಗಳಿಗೆ 5,500ರಷ್ಟು. ಒಟ್ಟು 8,500, ಮಿತಿಯೊಳಗೆ.

ಆದರೆ ಬಾಡಿಗೆ ಬರುವ ಮೇಲಿನ ಮಹಡಿಯನ್ನೂ ಅವನ ಹೆಸರಿಗೇ ಬರೆದಿಡುವ ಆಸೆ ಅಮ್ಮನಿಗೆ. ಬಾಡಿಗೆ 14,000. ಅದು ಸೇರಿದರೆ ಅವನ ಆದಾಯ 22,500 ಆಗುತ್ತಿತ್ತು, ಮಿತಿಗಿಂತ 2,295 ಹೆಚ್ಚು. ಮಿತಿ ದಾಟಿದಷ್ಟನ್ನು ಕಳೆದು ಉಳಿದದ್ದನ್ನು ಕೊಡುವ ಪದ್ಧತಿ ಇದರಲ್ಲಿ ಇಲ್ಲ, ಪಿಂಚಣಿಯ ಹಕ್ಕೇ ನಿಲ್ಲುತ್ತದೆ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅಮ್ಮ ವಕೀಲರ ಹತ್ತಿರ ಕೂತು ಉಯಿಲು ಮಾಡಿಸಿದರು. ಮನೆ ನನ್ನ ಹೆಸರಿಗೆ, ತಮ್ಮನಿಗೆ ಅದರಲ್ಲಿ ಕೊನೆಯವರೆಗೂ ವಾಸಿಸುವ ಹಕ್ಕು. ಮಗುವಿನ ಮೇಲಿನ ಪ್ರೀತಿಯಿಂದ ಎಲ್ಲವನ್ನೂ ಅವನ ಹೆಸರಿಗೆ ಬರೆಯುವ ಮುಂಚೆ ಈ ಒಂದು ಲೆಕ್ಕ ಹಾಕಿ ಎಂದು ನಾನು ಪರಿಚಯದ ಎಲ್ಲ ಪೋಷಕರಿಗೂ ಹೇಳುತ್ತೇನೆ.

ಮೂರನೆಯದು ಪಾಲಕತ್ವ. ತಮ್ಮ ಪ್ರಾಯಕ್ಕೆ ಬಂದವನಾದ್ದರಿಂದ ಅಕ್ಕ ಎಂಬ ಕಾರಣಕ್ಕೆ ನಾನು ಅವನ ಪರವಾಗಿ ಸಹಿ ಹಾಕುವಂತಿಲ್ಲ. ಮಾನಸಿಕ ಅಂಗವೈಕಲ್ಯವಿರುವ ಮಗುವಿನ ಪಿಂಚಣಿಯನ್ನು ಯಾರು ಪಡೆಯಬೇಕೆಂದು ತಂದೆ ತಾಯಿ ನಾಮನಿರ್ದೇಶನ ಮಾಡಬಹುದು, ಅಮ್ಮ ಬರವಣಿಗೆಯಲ್ಲಿ ನನ್ನ ಹೆಸರು ಕೊಟ್ಟಿದ್ದರು. ಅದರ ಜೊತೆಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಅಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವದ ಪ್ರಮಾಣಪತ್ರವನ್ನೂ ಮಾಡಿಸಿದೆವು. ಈ ಸಮಿತಿಯ ದಾರಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಸ್ಕಿಜೋಫ್ರೇನಿಯಾದಂಥ ಮನೋರೋಗವಿದ್ದರೆ ಇದು ಸಿಗುವುದಿಲ್ಲ, ಆಗ ನಾಮನಿರ್ದೇಶನ ಇನ್ನೂ ಮುಖ್ಯವಾಗುತ್ತದೆ. ಅಮ್ಮ ಇದ್ದಾಗಲೇ ಅರ್ಜಿ ಹಾಕಿದ್ದು ಒಳ್ಳೆಯದಾಯಿತು. ಸಮಿತಿಯವರು ಅವರನ್ನು ನೇರವಾಗಿ ಕೇಳಿ, ಒಪ್ಪಿಗೆ ಬರೆಸಿಕೊಂಡರು.

ಇಷ್ಟು ಆಗಿದ್ದರಿಂದ ಅಮ್ಮ ತೀರಿಕೊಂಡ ಮೇಲೆ ಉಳಿದಿದ್ದ ಕೆಲಸ ಚಿಕ್ಕದು. ಮೊದಲು ಬ್ಯಾಂಕಿಗೆ ತಿಳಿಸಿದೆವು. ತಡಮಾಡಿದರೆ ಅಮ್ಮನ ಖಾತೆಗೆ ಬಂದು ಬಿದ್ದ ಹಣವನ್ನು ಆಮೇಲೆ ವಸೂಲು ಮಾಡುತ್ತಾರೆ. ನಂತರ ಮರಣ ಪ್ರಮಾಣಪತ್ರ, ಪಿಪಿಒ, ಕುಟುಂಬ ಪಿಂಚಣಿಯ ಅರ್ಜಿ, ತಮ್ಮನ ಆಧಾರ್ ಮತ್ತು ಪಾನ್, ಪಾಲಕತ್ವದ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರ ಕೊಟ್ಟು, ತಮ್ಮನ ಹೆಸರಿನಲ್ಲಿ, ನಾನು ಪಾಲಕಿಯಾಗಿ ನಡೆಸುವ ಖಾತೆ ತೆರೆಸಿದೆ.

ಶಾಖೆಯಲ್ಲಿ ಕೋರ್ಟಿನಿಂದ ಪಾಲಕತ್ವದ ಆದೇಶ ತನ್ನಿ ಎಂದರು. ಬಹಳ ಜನ ಇಲ್ಲಿಂದ ವಕೀಲರ ಮನೆಗೆ ಹೋಗಿ ವರ್ಷಗಟ್ಟಲೆ ಅಲೆಯುತ್ತಾರೆ. ನಾಮನಿರ್ದೇಶನ ಇದ್ದಾಗ ಕೋರ್ಟ್ ಆದೇಶಕ್ಕೆ ಒತ್ತಾಯಿಸಬಾರದು ಎಂದು ಪಿಂಚಣಿ ಇಲಾಖೆ ಬ್ಯಾಂಕುಗಳಿಗೆ ಹೇಳಿದೆ. ಸ್ಥಳೀಯ ಸಮಿತಿಯ ಪ್ರಮಾಣಪತ್ರದ ಮೇಲೆ ಖಾತೆ ತೆರೆಯಬಹುದೆಂದು ರಿಸರ್ವ್ ಬ್ಯಾಂಕೂ ಹೇಳಿದೆ. ನಾನು ಎರಡನ್ನೂ ಉಲ್ಲೇಖಿಸಿ ಒಂದು ಪತ್ರ ಬರೆದೆ. "ಸರ್, ಆಗಲ್ಲ ಅನ್ನೋದಾದ್ರೆ ಕಾರಣ ಬರೆದುಕೊಡಿ, ಇಲ್ಲಾಂದ್ರೆ ಇದನ್ನ ನಿಮ್ಮ ಪಿಂಚಣಿ ವಿಭಾಗಕ್ಕೆ ಕಳಿಸಿಕೊಡಿ" ಎಂದು ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಅವರು ಕಳಿಸಿದರು, ಅಲ್ಲಿ ಅದೇ ಕಾಗದಗಳ ಮೇಲೆ ಒಪ್ಪಿಗೆಯಾಯಿತು. ಹಾಗೂ ಆಗದಿದ್ದರೆ ಪಿಂಚಣಿ ಇಲಾಖೆಯ ಆನ್‌ಲೈನ್ ದೂರು ವ್ಯವಸ್ಥೆಯಾದ ಸಿಪೆನ್‌ಗ್ರಾಮ್ಸ್‌ನಲ್ಲಿ ದೂರು ಕೊಡಲು ಮುದ್ರೆ ಬಿದ್ದ ಆ ಪ್ರತಿಯೇ ಆಧಾರವಾಗುತ್ತಿತ್ತು. ಅಮ್ಮ ತೀರಿಕೊಂಡ ಮಾರನೆಯ ದಿನದಿಂದ ಲೆಕ್ಕ ಹಿಡಿದು ಬಾಕಿ ಒಟ್ಟಿಗೆ ಬಂತು.

ಈಗ ವರ್ಷವರ್ಷದ ಕೆಲಸ ಇಷ್ಟು. ನವೆಂಬರ್‌ನಲ್ಲಿ ತಮ್ಮನ ಜೀವಂತ ಪ್ರಮಾಣಪತ್ರ. ಬೆರಳಚ್ಚು ಹಿಡಿಯುವಾಗ ಅವನು ಕೈ ಎಳೆದುಕೊಳ್ಳುತ್ತಾನೆ, ಆದ್ದರಿಂದ ಮೊಬೈಲಿನಲ್ಲಿ ಮುಖ ಗುರುತಿಸುವ ವಿಧಾನದಿಂದ ಮಾಡಿಸುತ್ತೇನೆ. ಅದರ ಜೊತೆ, ಅವನು ದುಡಿದು ಬದುಕಲು ಶುರುಮಾಡಿಲ್ಲ ಎಂದು ಪಾಲಕಿಯಾಗಿ ನನ್ನ ಪ್ರಮಾಣಪತ್ರ. ಪಾಲಕಿಯಾಗಿ ಇನ್ನೊಂದು ಬಾಧ್ಯತೆಯೂ ಇದೆ. ನೇಮಕವಾದ ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ, ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಖರ್ಚು ವೆಚ್ಚದ ಲೆಕ್ಕ ಕೊಡಬೇಕು. ಅವನ ಔಷಧಿ, ಬಟ್ಟೆ, ಕೇಂದ್ರಕ್ಕೆ ಹೋಗುವ ಆಟೋ, ಎಲ್ಲವನ್ನೂ ಅವನ ಖಾತೆಯಿಂದಲೇ ಕೊಟ್ಟು ರಸೀದಿ ಇಟ್ಟುಕೊಂಡರೆ ಜೂನ್‌ನಲ್ಲಿ ಲೆಕ್ಕ ಕೊಡುವುದು ಸುಲಭ. ನನಗೂ ವಯಸ್ಸಾಗುತ್ತಿದೆ. ನನ್ನ ನಂತರ ಪಾಲಕಿಯಾಗಲು ನನ್ನ ಮಗಳು ಒಪ್ಪಿದ್ದಾಳೆ. ಈ ಪಾಲಕತ್ವ ತಾನಾಗಿ ಅವಳಿಗೆ ಬರುವುದಿಲ್ಲ, ಆಗ ಹೊಸ ಅರ್ಜಿಯನ್ನೇ ಹಾಕಬೇಕು. ಆದ್ದರಿಂದ ಪಿಪಿಒ, ಮಂಡಳಿಯ ಪ್ರಮಾಣಪತ್ರ, ಸಮಿತಿಗೆ ಕೊಟ್ಟ ಲೆಕ್ಕಗಳ ಪ್ರತಿ ಎಲ್ಲವೂ ಅವಳ ಹತ್ತಿರವೂ ಒಂದು ಸೆಟ್ ಇವೆ.