ಬೆಳಗಿನ ಓಟ ಶುರುವಾಗುವುದು ರಾತ್ರಿ ಊಟದಿಂದ

ಮೊದಲ ಸಲ ಓಡಲು ಹೊರಟಾಗ ನಾನು ಮಾಡಿದ್ದು ಬಹಳ ಜನ ಮಾಡುವ ತಪ್ಪನ್ನೇ. ದಿನಾ ಏಳು ಗಂಟೆಗೆ ಏಳುತ್ತಿದ್ದವನು ಒಂದು ಸೋಮವಾರ ಐದಕ್ಕೆ ಅಲಾರಂ ಇಟ್ಟೆ. ಮೂರು ದಿನ ಓಡಿದೆ. ನಾಲ್ಕನೇ ದಿನ ಅಲಾರಂ ಆರಿಸಿದ್ದೇ ನೆನಪಿಲ್ಲ. ಏಳುವುದನ್ನು ಹಿಂದಕ್ಕೆ ತಂದಿದ್ದೆ, ಮಲಗುವುದು ಮಾತ್ರ ಹಳೇ 11.45ಕ್ಕೇ ಉಳಿದಿತ್ತು.

ಎರಡನೇ ಸಲ ಲೆಕ್ಕ ಹಾಕಿದೆ. ಏಳಬೇಕಾದದ್ದು 5.30ಕ್ಕೆ. ಅಂದರೆ ಒಂದೂವರೆ ಗಂಟೆ ಹಿಂದಕ್ಕೆ ಬರಬೇಕು. ಮೈಯೊಳಗಿನ ಗಡಿಯಾರ ಇಷ್ಟನ್ನು ಒಂದೇ ರಾತ್ರಿಯಲ್ಲಿ ಒಪ್ಪುವುದಿಲ್ಲ. ಹಾಗಾಗಿ ಮೂರು-ನಾಲ್ಕು ದಿನಕ್ಕೊಮ್ಮೆ 15 ನಿಮಿಷ ಮಾತ್ರ ಹಿಂದಕ್ಕೆ ತಂದೆ. 6.45, ಆಮೇಲೆ 6.30, ಹೀಗೆ ಆರು ಮೆಟ್ಟಿಲು. ಮೂರು ವಾರ ಹಿಡಿಯಿತು. ಮಲಗುವ ಹೊತ್ತೂ ಅದರ ಜೊತೆಗೇ ಇಳಿದು 10.15ಕ್ಕೆ ಬಂತು. ನಿದ್ದೆ ಮೊದಲಿನಷ್ಟೇ, ಏಳೂಕಾಲು ಗಂಟೆ.

ಬೇಗ ಮಲಗಿದರೂ ನಿದ್ದೆ ಬರಬೇಕಲ್ವಾ? ಬಲವಂತದಿಂದ ಬರುವುದಿಲ್ಲ. ಏಳುವ ಹೊತ್ತನ್ನು ಬಿಗಿಯಾಗಿ ಹಿಡಿದರೆ ಕೆಲವೇ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಕಣ್ಣು ತಾನಾಗಿ ಎಳೆಯುತ್ತದೆ. ಇದಕ್ಕೆ ಅಡ್ಡ ಬರುವುದು ನಮ್ಮ ಒಂಬತ್ತೂವರೆಯ ಊಟ. ಅನ್ನ ಸಾರು ಉಂಡು ಅರ್ಧ ಗಂಟೆಗೆ ಮಲಗಿದರೆ ಹೊಟ್ಟೆ ಭಾರ. ಊಟವನ್ನು ಎಂಟಕ್ಕೆ ತರಬೇಕಾಯಿತು. ನಿಜ ಹೇಳಬೇಕೆಂದರೆ, ಓಡುವುದಕ್ಕಿಂತ ಮನೆಯವರನ್ನು ಇದಕ್ಕೆ ಒಪ್ಪಿಸುವುದೇ ಕಷ್ಟವಾಯಿತು. ಸಂಜೆಯ ಕಾಫಿಯನ್ನೂ ನಾಲ್ಕಕ್ಕೆ ತಂದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಆರೂವರೆಯ ಕಾಫಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ.

ಬೆಳಿಗ್ಗೆ ಗಡಿಯಾರವನ್ನು ಹಿಂದಕ್ಕೆ ತಳ್ಳುವುದು ಬೆಳಕು. ಆದರೆ ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು 6.45ರ ಹೊತ್ತಿಗೆ. ಎದ್ದ ತಕ್ಷಣ ಹಾಲ್‌ನ ದೊಡ್ಡ ದೀಪ ಹಾಕಿ. ಜೂನ್ ತಿಂಗಳಲ್ಲಿ ಶುರು ಮಾಡಿದರೆ ಇನ್ನೂ ಸಲೀಸು, ಆಗ ಆರಕ್ಕೆಲ್ಲ ಬೆಳಕಾಗಿರುತ್ತದೆ.

ಇನ್ನು ಸಾಮಾನು. ಕಣ್ಣು ಬಿಟ್ಟ ಮೊದಲ ಹದಿನೈದು-ಇಪ್ಪತ್ತು ನಿಮಿಷ ತಲೆ ಮಂಕಾಗಿರುತ್ತದೆ. ಆ ಹೊತ್ತಲ್ಲಿ ಕಾಲುಚೀಲದ ಜೋಡಿ ಹುಡುಕುವುದು ಅಂದರೆ ಹಾಸಿಗೆಗೆ ವಾಪಸ್ ಹೋಗಲು ನೆಪ ಸಿಕ್ಕಂತೆ. ರಾತ್ರಿಯೇ ಹಾಲ್‌ನ ಒಂದು ಕುರ್ಚಿಯ ಮೇಲೆ ತಿಳಿ ಬಣ್ಣದ ಟೀ ಶರ್ಟ್, ಚಡ್ಡಿ, ಮನೆ ಕೀ, ಒಂದು ಲೋಟ ನೀರು ಇಡಿ. ತಿಳಿ ಬಣ್ಣ ಯಾಕೆ ಅಂದರೆ ಕತ್ತಲಲ್ಲಿ ಬೈಕಿನವರಿಗೆ ಕಾಣಬೇಕು. ಶೂ ಕೆಳಗೆ, ಕಾಲುಚೀಲ ಅದರೊಳಗೆ. ಲೇಸ್ ಬಿಚ್ಚಿಡಿ. ನಿನ್ನೆಯ ಗಂಟು ಬಿಗಿದಿದ್ದರೆ ಬೆಳಿಗ್ಗೆ ಅದೊಂದೇ ಸಾಕು. ಫೋನ್ ಕೂಡ ಅದೇ ಕುರ್ಚಿಯ ಮೇಲಿರಲಿ. ಅಲಾರಂ ಆರಿಸಲು ಎದ್ದು ಬಂದವರ ಕೈಗೆ ಬಟ್ಟೆ ಸಿಗುತ್ತದೆ. ಮಳೆಗಾಲದಲ್ಲಿ ಒದ್ದೆ ಶೂಗೆ ಹಳೇ ಪೇಪರ್ ತುರುಕಿಟ್ಟರೆ ಬೇಗ ಒಣಗುತ್ತದೆ.

ಮೊದಲ ವಾರ ಬರೀ 20 ನಿಮಿಷ ನಡಿಗೆ ಸಾಕು. ಎರಡನೇ ವಾರದಿಂದ ಐದು ನಿಮಿಷ ನಡೆದು, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಆರೇಳು ಸಲ. ಮುಂಜಾನೆ ಮೈ ತಣ್ಣಗೆ, ಬಿಗಿಯಾಗಿರುತ್ತದೆ. ಆ ಮೊದಲ ಐದು ನಿಮಿಷ ಬಿಟ್ಟರೆ ಮೀನಖಂಡ ಹಿಡಿದುಕೊಳ್ಳಬಹುದು. ಓಡುತ್ತಾ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ಓಟ ವಾರಕ್ಕೆ ಮೂರು ದಿನ ಇದ್ದರೆ ಸಾಕು, ಆದರೆ ಏಳುವುದು ಏಳೂ ದಿನ ಒಂದೇ ಹೊತ್ತಿಗೆ.

ಏಳಲು ಮನಸ್ಸಿಲ್ಲದ ದಿನಗಳೆಲ್ಲ ಒಂದೇ ತರದವಲ್ಲ. ಜ್ವರ, ಎದೆಯಲ್ಲಿ ಕಫ, ಹೆಜ್ಜೆ ಹೆಜ್ಜೆಗೂ ಒಂದೇ ಕಡೆ ಚುಚ್ಚುವ ನೋವು ಇದ್ದರೆ ಓಡಬೇಡಿ. ಮದುವೆ ಮನೆಯಿಂದ ಬಂದು ಒಂದಕ್ಕೆ ಮಲಗಿದ್ದರೂ ಓಟ ಬಿಡಿ. ಆದರೆ ಎಂಟರವರೆಗೆ ಮಲಗಬೇಡಿ, ಆರೂವರೆಗೆ ಎದ್ದು ಆ ರಾತ್ರಿ ಬೇಗ ಮಲಗಿ. ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸುವ ರೂಢಿ ಇದ್ದರೆ ಒಳ್ಳೆಯದು. ದಿನಾ 64 ಇದ್ದದ್ದು ಇವತ್ತು 74 ಆಗಿದ್ದರೆ ಮೈ ಇನ್ನೂ ದಣಿದಿರಬಹುದು.

ಇದೇನೂ ಇಲ್ಲ, ಸುಮ್ನೆ ಸೋಮಾರಿತನ ಅನ್ನಿಸಿದರೆ ಶೂ ಹಾಕಿ ಹತ್ತು ನಿಮಿಷ ಹೊರಗಿದ್ದು ಬನ್ನಿ. ಹತ್ತಾದ ಮೇಲೂ ಬೇಡ ಅನ್ನಿಸಿದರೆ ನಿಜಕ್ಕೂ ವಾಪಸ್ ಬಂದುಬಿಡಿ, ಅದು ಮೋಸವಲ್ಲ. ನಾನು ಹಾಗೆ ಕುಕ್ಕರಹಳ್ಳಿ ಕೆರೆಯ ಗೇಟಿನಿಂದಲೇ ತಿರುಗಿ ಬಂದದ್ದು ಎರಡು ಸಲ. ಎರಡೂ ಸಲ ಮಳೆ ಬರುತ್ತಿತ್ತು.