ದಿನಕ್ಕೆ ಮೂರು ಗ್ರಾಂ: ವೀಲ್‌ಚೇರ್‌ನಲ್ಲಿ ಕೂತು ಕ್ರಿಯೇಟಿನ್ ತಗೊಂಡ ನನ್ನ ಅನುಭವ

ಈ ಸಲ ಬೆಂಚ್ ಪ್ರೆಸ್‌ನಲ್ಲಿ 60 ಕೆಜಿ ಇಟ್ಟು ನಾಲ್ಕನೇ ಸೆಟ್‌ನಲ್ಲೂ ಆರು ಸಲ ಎತ್ತಿದೆ. ಒಂದೂವರೆ ವರ್ಷದ ಹಿಂದೆ ಅದೇ ನಾಲ್ಕನೇ ಸೆಟ್‌ನಲ್ಲಿ ಮೂರಕ್ಕೆ ತೋಳು ನಡುಗುತ್ತಿತ್ತು. "ಸೊಂಟದ ಕೆಳಗೆ ಕೆಲಸ ಮಾಡದವನಿಗೆ ಕ್ರಿಯೇಟಿನ್ ಏನು ಮಾಡುತ್ತೆ?" ಅಂತ ಕೇಳಿದವರೇ ಈಗ ಎಷ್ಟು ಹಾಕ್ತೀಯ, ಯಾವಾಗ ಹಾಕ್ತೀಯ ಅಂತ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ರಿಯೇಟಿನ್ ಅಂದರೆ ಸ್ನಾಯು ಜೋರಾಗಿ ಕೆಲಸ ಮಾಡುವಾಗ ಬಳಸುವ, ಮಾಂಸದಲ್ಲೂ ಇರುವ ಒಂದು ವಸ್ತು. ಜಿಮ್‌ನವರು ಅದನ್ನು ಪುಡಿಯಾಗಿ ತಗೊಳ್ಳುತ್ತಾರೆ.

ನನ್ನದು ಟಿ-10 ಪೂರ್ಣ ಪ್ಯಾರಾಪ್ಲೀಜಿಯಾ, ಅಂದರೆ ಬೆನ್ನುಹುರಿಗೆ ಎದೆ ಭಾಗದ ಹತ್ತನೇ ಮಟ್ಟದಲ್ಲಿ ಪೆಟ್ಟು ಬಿದ್ದು ಅದರ ಕೆಳಗೆ ಚಲನೆ, ಸ್ಪರ್ಶ ಎರಡೂ ಇಲ್ಲ. ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಸಿಲ್ವರ್ ಓಕ್ ಮರಕ್ಕೆ ಒಂಟಿ ಏಣಿ ಇಟ್ಟು ಕಾಳುಮೆಣಸು ಕೊಯ್ಯುವಾಗ ಬಿದ್ದೆ. ಹನ್ನೊಂದು ವರ್ಷ ಆಯ್ತು. ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ 65 ಕೆಜಿ ವರ್ಗದಲ್ಲಿ ಎತ್ತುತ್ತೇನೆ.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಜಿಮ್‌ನ ಹುಡುಗರು ಹೇಳಿದಂತೆ ಲೋಡಿಂಗ್ ಮಾಡಿದೆ, ಅಂದರೆ ಸ್ನಾಯು ಬೇಗ ತುಂಬಲಿ ಅಂತ ಮೊದಲ ಕೆಲವು ದಿನ ಜಾಸ್ತಿ ತಗೊಳ್ಳುವುದು. ದಿನಕ್ಕೆ 20 ಗ್ರಾಂ, ನಾಲ್ಕು ಸಲ ಐದೈದು. ಮೂರನೇ ದಿನಕ್ಕೆ ಹೊಟ್ಟೆ ಸಡಿಲ ಆಯ್ತು. ನಡೆಯುವವರಿಗೆ ಅದು ಅರ್ಧ ದಿನದ ಕಿರಿಕಿರಿ. ದಿನ ಬಿಟ್ಟು ದಿನ ಗಂಟೆ ನೋಡಿಕೊಂಡು ಬವೆಲ್ ಪ್ರೋಗ್ರಾಂ ಅಂತ ಹೊಟ್ಟೆ ಖಾಲಿ ಮಾಡುವ ನಮ್ಮಂಥವರಿಗೆ ಇಡೀ ವಾರ ಹಾಳು. ಕುಶಾಲನಗರದ ಜಿಮ್‌ನಿಂದ ಮನೆಗೆ ಬರುವ ದಾರಿಯಲ್ಲಿ ಆದದ್ದನ್ನು ವಿವರಿಸುವುದು ಬೇಡ, ನಿಮಗೆ ಗೊತ್ತು.

ಅದರ ಜೊತೆ ಇನ್ನೊಂದು ತಪ್ಪು ಮಾಡಿದೆ. "ಕ್ರಿಯೇಟಿನ್ ತಗೊಂಡ್ರೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡೀಬೇಕು ಅಣ್ಣಾ" ಅಂತ ಹೇಳಿದರು, ಕುಡಿದೆ. ಕ್ಯಾತಿಟರ್ ಹಾಕುವ ಹೊತ್ತು ಮಾತ್ರ ಬದಲಿಸಲಿಲ್ಲ. ದಿನಕ್ಕೆ ನಾಲ್ಕು ಸಲ ಖಾಲಿ ಮಾಡುವ ಮೂತ್ರಚೀಲಕ್ಕೆ ಎರಡು ಪಟ್ಟು ನೀರು ತುಂಬಿಸಿದರೆ ಏನಾಗುತ್ತೆ? ಸೋರಿತು, ಉಬ್ಬಿತು, ಎರಡನೇ ವಾರ ಚಳಿಜ್ವರ, ಯೂರಿನ್ ಇನ್ಫೆಕ್ಷನ್. ಆ್ಯಂಟಿಬಯೋಟಿಕ್, ಕಲ್ಚರ್ ಟೆಸ್ಟ್, ಮಡಿಕೇರಿಗೆ ಬಾಡಿಗೆ ಕಾರು ಎಲ್ಲ ಸೇರಿ ನಾಲ್ಕು ಸಾವಿರ ಹೋಯ್ತು. ಡಬ್ಬಿಗೆ ಕೊಟ್ಟದ್ದು ಏಳುನೂರು! ಟಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟು ಬಿದ್ದವರಿಗೆ ಇದು ಇನ್ನೂ ಅಪಾಯ. ಮೂತ್ರಚೀಲ ಉಬ್ಬಿದರೆ ಬಿಪಿ ಏಕಾಏಕಿ ಏರುತ್ತೆ, ತಲೆ ಸಿಡಿಯುತ್ತೆ. ದಯವಿಟ್ಟು ಈ ತಪ್ಪು ಮಾಡಬೇಡಿ. ಈಗ ನಾನು ಮೊದಲು ಕುಡಿಯುತ್ತಿದ್ದಷ್ಟೇ ಕುಡಿಯುತ್ತೇನೆ, ಎರಡರಿಂದ ಎರಡೂವರೆ ಲೀಟರ್. ಮೂರು ಗ್ರಾಂಗೆ ಅದಕ್ಕಿಂತ ಬೇಕಾಗಲಿಲ್ಲ.

ತೂಕದ ಕಥೆ ಬೇರೆ. ಕಾಫಿ ಮೂಟೆ ತೂಗುವ ತಕ್ಕಡಿ ಮೇಲೆ ಚೇರ್ ಸಮೇತ ಹತ್ತುತ್ತೇನೆ, ಚೇರ್‌ನ 14 ಕೆಜಿ ಕಳೆಯುತ್ತೇನೆ. ಲೋಡಿಂಗ್ ಮಾಡಿದ ಆರು ದಿನಕ್ಕೆ 64ರಿಂದ 65.7ಕ್ಕೆ ಹೋಗಿದ್ದೆ. ಅದು ಸ್ನಾಯುವಿನೊಳಗೆ ನಿಂತ ನೀರು, ಕೊಬ್ಬಲ್ಲ. ಆದರೆ ತೂಕ ನೋಡುವವರಿಗೆ ನೀರೂ ಒಂದೇ, ಮಾಂಸವೂ ಒಂದೇ. 65 ದಾಟಿದರೆ ನಾನು 72ರವರ ಜೊತೆ ಎತ್ತಬೇಕು. ಚೇರ್‌ನಿಂದ ಮಂಚಕ್ಕೆ ದಾಟುವಾಗ ಭುಜಕ್ಕೂ ಆ ಒಂದೂಮುಕ್ಕಾಲು ಕೆಜಿ ಗೊತ್ತಾಗುತ್ತೆ.

ಡಬ್ಬಿ ಅಟ್ಟಕ್ಕೆ ಹೋಯ್ತು. ಆ ಮಳೆಗಾಲ ಮನೆಯಲ್ಲೇ ಕೂತಿದ್ದಾಗ, ನಮ್ಮಂಥವರ ಮೇಲೆ ಯಾರಾದರೂ ಇದನ್ನು ಪರೀಕ್ಷೆ ಮಾಡಿದ್ದಾರಾ ಅಂತ ಹುಡುಕಿದೆ. ಬೆರಳೆಣಿಕೆಯಷ್ಟು ಸಿಕ್ಕಿತು. ಮೂರನ್ನು ಮತ್ತೆ ಮತ್ತೆ ಓದಿದೆ.

2002ರದ್ದು ಕುತ್ತಿಗೆ ಮಟ್ಟದಲ್ಲಿ, ಸಿ-5ರಿಂದ ಸಿ-7ರ ನಡುವೆ, ಪೂರ್ಣ ಪೆಟ್ಟಾದ 16 ಗಂಡಸರ ಮೇಲೆ ಮಾಡಿದ್ದು. ಒಂದು ವಾರ ದಿನಕ್ಕೆ 20 ಗ್ರಾಂ ಕ್ರಿಯೇಟಿನ್, ಮೂರು ವಾರ ಬಿಡುವು, ಇನ್ನೊಂದು ವಾರ ಡಮ್ಮಿ ಪುಡಿ. ಕೈಯಲ್ಲಿ ತುಳಿಯುವ ಸೈಕಲ್ ಮೇಲೆ ಪರೀಕ್ಷೆ. ಕ್ರಿಯೇಟಿನ್ ವಾರದಲ್ಲಿ ಅವರು ಜಾಸ್ತಿ ಕೆಲಸ ಮಾಡಿದರು. 2005ರದ್ದೂ ಹೀಗೆ ಕುತ್ತಿಗೆಗೆ ಪೆಟ್ಟಾಗಿ ಕೈಕಾಲು ನಾಲ್ಕೂ ಸೋತ ಟೆಟ್ರಾಪ್ಲೀಜಿಯಾದವರ ಮೇಲೆಯೇ. ದುರ್ಬಲವಾದ ಮಣಿಕಟ್ಟಿನ ಸ್ನಾಯುವಿಗೆ ಬಲ ಬರುತ್ತಾ ಅಂತ ನೋಡಿದರು. ಬರಲಿಲ್ಲ. 2006ರದ್ದು ಸ್ವಿಟ್ಜರ್ಲೆಂಡ್‌ನದ್ದು. 6 ಜನ ವೀಲ್‌ಚೇರ್ ರೇಸರ್‌ಗಳಿಗೆ 800 ಮೀಟರ್ ಓಡಿಸಿದರು. ಟೈಮಿಂಗ್‌ನಲ್ಲಿ ಲೆಕ್ಕಕ್ಕೆ ಬರುವ ಬದಲಾವಣೆ ಆಗಲಿಲ್ಲ.

ಒಂದು ಹೌದು, ಎರಡು ಇಲ್ಲ. ನಮ್ಮ ಗುಂಪಿನವರು ಇಷ್ಟು ಕೇಳಿ "ಬಿಡು ಮಾರಾಯ" ಅಂದರು. ನಾನು ಬಿಡಲಿಲ್ಲ, ಯಾಕೆಂದರೆ 2002ರ ಪರೀಕ್ಷೆಯಲ್ಲಿ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ಅವರು ಒಂದೇ ಸಮನೆ ತುಳಿಸಿರಲಿಲ್ಲ. ಎರಡು ನಿಮಿಷ ತುಳಿತ, ಒಂದು ನಿಮಿಷ ವಿರಾಮ, ಮತ್ತೆ ತುಳಿತ. ಕ್ರಿಯೇಟಿನ್ ಕೆಲಸ ಇರುವುದೇ ಆ ವಿರಾಮದಲ್ಲಿ ಅಲ್ವಾ? ಜೋರಾಗಿ ಎತ್ತಿದ ಮೊದಲ ಹತ್ತು ಸೆಕೆಂಡಿಗೆ ಸ್ನಾಯು ಸುಡುವ ಇಂಧನ ಅದು. ಸುಮ್ನೆ ಇದ್ದಾಗ ಮತ್ತೆ ತುಂಬಿಕೊಳ್ಳುತ್ತೆ. 800 ಮೀಟರ್‌ನಲ್ಲಿ ವಿರಾಮವೇ ಇಲ್ಲ. ಮಣಿಕಟ್ಟಿನ ವಿಷಯದಲ್ಲಿ ಕೊರತೆ ಇದ್ದದ್ದು ಇಂಧನದ್ದಲ್ಲ, ನರದ್ದು ಅಂತ ನನ್ನ ಲೆಕ್ಕ. ನರ ಸರಿ ಇರುವ ತೋಳು, ಜೋರು ಸೆಟ್, ನಡುವೆ ವಿರಾಮ. ಈ ಮೂರೂ ನನ್ನ ಬೆಂಚ್‌ನಲ್ಲಿ ಇವೆ.

ಹಾಗಾಗಿ ಎರಡನೇ ಸಲ ಲೋಡಿಂಗ್ ಬಿಟ್ಟೆ. ದಿನಕ್ಕೆ ಮೂರು ಗ್ರಾಂ, ಊಟದ ಜೊತೆ, ಅಷ್ಟೇ. ಹೀಗೆ ತಗೊಂಡರೂ ಸುಮಾರು ನಾಲ್ಕು ವಾರಕ್ಕೆ ಸ್ನಾಯು ಅಷ್ಟೇ ತುಂಬುತ್ತೆ ಅನ್ನುವುದು 1996ರಲ್ಲೇ ತಿಳಿದ ವಿಷಯ. ಅವಸರ ಇಲ್ಲದವನಿಗೆ 20 ಗ್ರಾಂ ಯಾಕೆ? ನನ್ನ ಕಾಲಿನ ಸ್ನಾಯು ಕರಗಿ ಹೋಗಿದೆ, ತುಂಬಿಸಬೇಕಾದ ಪಾತ್ರೆಯೇ ಚಿಕ್ಕದು. ಹೊಟ್ಟೆ ಒಂದು ದಿನವೂ ಕೆಡಲಿಲ್ಲ. ತೂಕ ಐದು ವಾರದಲ್ಲಿ ಮುಕ್ಕಾಲು ಕೆಜಿ ಏರಿ ನಿಂತಿತು, 65ರ ಒಳಗೇ.

"ಹಂದಿ ಕರಿ ತಿನ್ನೋನಿಗೆ ಪುಡಿ ಯಾಕೋ?" ಅಂತ ನಮ್ಮ ಮಾವ ಕೇಳಿದ್ದರು. ಕೇಳಿದ್ದು ಸರಿಯೇ. ಒಂದು ಕೆಜಿ ಹಸಿ ಹಂದಿ ಮಾಂಸದಲ್ಲಿ ಸುಮಾರು ಐದು ಗ್ರಾಂ ಕ್ರಿಯೇಟಿನ್ ಇರುತ್ತೆ, ಬೇಯಿಸುವಾಗ ಸ್ವಲ್ಪ ಹೋಗುತ್ತೆ. ಮೂರು ಗ್ರಾಂಗೆ ದಿನಾ ಆರುನೂರು ಗ್ರಾಂಗಿಂತ ಜಾಸ್ತಿ ತಿನ್ನಬೇಕು. ಆ ಕೊಬ್ಬು ಸೇರಿದರೆ 72ರ ವರ್ಗಕ್ಕೆ ನಾನಾಗಿಯೇ ಹೋಗುತ್ತೇನೆ. ಮಾಂಸ ಮುಟ್ಟದವರ ಸ್ನಾಯುವಿನಲ್ಲಿ ಕ್ರಿಯೇಟಿನ್ ಕಡಿಮೆ ಇರುತ್ತೆ, ಅವರಿಗೆ ಪುಡಿ ಇನ್ನೂ ಚೆನ್ನಾಗಿ ಹತ್ತಬಹುದು.

ಅಂಕಿ ಹೇಳುತ್ತೇನೆ. ಶುರು ಮಾಡುವ ಮುಂಚೆ 60 ಕೆಜಿಗೆ ನಾಲ್ಕು ಸೆಟ್, ಎರಡು ನಿಮಿಷ ವಿರಾಮ: 8, 6, 5, 3. ಐದಾರು ವಾರದ ನಂತರ: 8, 7, 6, 6. ಮೊದಲ ಸೆಟ್ ನೋಡಿ, ಬದಲೇ ಆಗಿಲ್ಲ. ಬದಲಾದದ್ದು ಕೊನೆಯದು. ಒಂದೇ ಸಲ ಎತ್ತುವ ಗರಿಷ್ಠ ಭಾರವೂ ಆಗ 82.5ರಲ್ಲೇ ಇತ್ತು. ದಿನಾ ಆ ಹೆಚ್ಚಿನ ಎತ್ತುಗಳು ಸೇರಿ ಸೇರಿ ನಾಲ್ಕು ತಿಂಗಳ ಮೇಲೆ 87.5 ಆಯ್ತು.

ಇದು ಮನಸ್ಸಿನ ಆಟ ಅಂದವರೂ ಇದ್ದರು. ಅದಕ್ಕೆ ತಂಗಿಯನ್ನು ಕೂರಿಸಿಕೊಂಡೆ. ಕ್ರಿಯೇಟಿನ್ ನೀರಿಗೆ ಹಾಕಿದರೆ ತಳದಲ್ಲಿ ಮರಳು ಕಂಡಂತೆ ಉಳಿದು ಗುಟ್ಟು ಬಿಟ್ಟುಕೊಡುತ್ತೆ. ರಾಗಿ ಅಂಬಲಿಯಲ್ಲಿ ಗೊತ್ತಾಗಲ್ಲ, ಅವಳು ಅದರಲ್ಲೇ ಕಲಸಿ ಕೊಟ್ಟಳು. ಎಂಟು ವಾರ ಒಂದು, ಎಂಟು ವಾರ ಇನ್ನೊಂದು, ಒಂದರಲ್ಲಿ ಕ್ರಿಯೇಟಿನ್, ಒಂದರಲ್ಲಿ ಗ್ಲೂಕೋಸ್. ಯಾವುದು ಯಾವಾಗ ಅಂತ ಅವಳ ಡೈರಿಯಲ್ಲಿ ಮಾತ್ರ. ಸ್ನಾಯು ಖಾಲಿಯಾಗಲೂ ನಾಲ್ಕಾರು ವಾರ ಬೇಕು, ಅದಕ್ಕೆ ಪ್ರತಿ ಭಾಗದ ಕೊನೆಯ ಎರಡು ವಾರ ಮಾತ್ರ ಲೆಕ್ಕಕ್ಕೆ ತಗೊಂಡೆವು. ನಾಲ್ಕು ಸೆಟ್ ಕೂಡಿದರೆ ಒಂದರಲ್ಲಿ 24, ಇನ್ನೊಂದರಲ್ಲಿ 28. ಡೈರಿ ತೆರೆದಾಗ 28 ಕ್ರಿಯೇಟಿನ್‌ನದ್ದೇ. ಒಬ್ಬನ ಲೆಕ್ಕ ಇದು, ಆದರೂ ನನಗೆ ಸಾಕು. ಅದೇ ಹೊತ್ತಲ್ಲಿ ತೋಟದ ರಸ್ತೆಯ ಏರನ್ನು ಚೇರ್ ತಳ್ಳಿಕೊಂಡು ಹತ್ತುವ ಸಮಯವನ್ನೂ ಬರೆದಿಟ್ಟಿದ್ದೆ. ನಾಲ್ಕು ನಿಮಿಷದ ಆ ಏರಿನಲ್ಲಿ ಏನೂ ವ್ಯತ್ಯಾಸ ಇಲ್ಲ. ಸ್ವಿಸ್ ರೇಸರ್‌ಗಳ ಹಾಗೇ.

ನಡುವೆ ಒಂದು ದೊಡ್ಡ ಗಾಬರಿ ಆಯ್ತು, ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಅಳೆಯುತ್ತಾರೆ, ನನ್ನದು ಯಾವತ್ತೂ 0.5ರ ಸುತ್ತ. ಎರಡನೇ ತಿಂಗಳು 0.8 ಬಂತು. ಲ್ಯಾಬ್ ರಿಪೋರ್ಟ್‌ನಲ್ಲಿ ಅದು ನಾರ್ಮಲ್. ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿದ ಒಬ್ಬ ಡಾಕ್ಟರ್ "ಕಿಡ್ನಿ ಹಾಳಾಗ್ತಿದೆ, ಇವತ್ತೇ ನಿಲ್ಲಿಸಿ" ಅಂದರು. ನಿಲ್ಲಿಸಿದೆ. ಮೂರು ತಿಂಗಳು ಹೋಯ್ತು.

ಆಮೇಲೆ ಮೈಸೂರಿನ ಯೂರಾಲಜಿಸ್ಟ್ ಬಿಡಿಸಿ ಹೇಳಿದರು. ಕ್ರಿಯಾಟಿನಿನ್ ಹುಟ್ಟುವುದೇ ಕ್ರಿಯೇಟಿನ್‌ನಿಂದ. ಪುಡಿ ತಗೊಂಡರೆ ಕಿಡ್ನಿ ಚೆನ್ನಾಗಿದ್ದರೂ ಅದು ಸ್ವಲ್ಪ ಏರುತ್ತೆ. ಇನ್ನೊಂದು ಕಡೆ, ಸ್ನಾಯು ಕಡಿಮೆ ಇರುವ ನಮ್ಮಲ್ಲಿ ಅದು ಮೊದಲೇ ಕೆಳಗಿರುತ್ತೆ. ಹಾಗಾಗಿ ಕಿಡ್ನಿ ನಿಜಕ್ಕೂ ಸೋಲುತ್ತಿದ್ದರೂ ರಿಪೋರ್ಟ್ ನಾರ್ಮಲ್ ಅನ್ನಬಹುದು. ಎರಡೂ ಕಡೆಯಿಂದ ಮೋಸ ಮಾಡುವ ಅಂಕಿ ಅದು. ಅವರು ಬರೆದುಕೊಟ್ಟದ್ದು ಸಿಸ್ಟಾಟಿನ್ ಸಿ, ಕಿಡ್ನಿ ನೋಡುವ ಇನ್ನೊಂದು ರಕ್ತಪರೀಕ್ಷೆ. ಸ್ನಾಯು ಎಷ್ಟಿದೆ ಅನ್ನುವುದರ ಮೇಲೆ ಅದು ಅಷ್ಟಾಗಿ ನಿಂತಿಲ್ಲ. ಸ್ಯಾಂಪಲ್ ಹೊರಗೆ ಕಳಿಸುತ್ತಾರೆ, ಸಾವಿರದ ಹತ್ತಿರ ಆಯ್ತು. ಪುಡಿ ಬಿಟ್ಟಿದ್ದಾಗ ಸಿಸ್ಟಾಟಿನ್ 0.8, ಮತ್ತೆ ಶುರು ಮಾಡಿ ಮೂರು ತಿಂಗಳಿಗೂ 0.8. ಕ್ರಿಯಾಟಿನಿನ್ ಮಾತ್ರ ಪುನಃ ಮೇಲೆ. ಥೈರಾಯ್ಡ್ ತೊಂದರೆ ಇದ್ದರೆ, ಸ್ಟೀರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಸಿಸ್ಟಾಟಿನ್ ಕೂಡ ಏರುಪೇರಾಗುತ್ತೆ, ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಿ.

ಶುರು ಮಾಡುವ ಮುಂಚೆಯೇ ಈ ಟೆಸ್ಟ್ ಮಾಡಿಸಿ ಇಟ್ಟುಕೊಳ್ಳಿ, ಜೊತೆಗೆ ಕಿಡ್ನಿಯ ಸ್ಕ್ಯಾನ್. ಕಿಡ್ನಿಯಲ್ಲಿ ಕಲ್ಲು, ಊತ, ಪದೇ ಪದೇ ಇನ್ಫೆಕ್ಷನ್ ಇರುವವರು ತಮ್ಮ ಯೂರಾಲಜಿಸ್ಟ್ ಒಪ್ಪದೆ ಡಬ್ಬಿ ತೆರೆಯಲೇಬೇಡಿ. ನಮ್ಮ ಗುಂಪಿನಲ್ಲೇ ಒಬ್ಬರಿಗೆ ನಾನೇ ಬೇಡ ಅಂದೆ.

ಖರ್ಚು: 250 ಗ್ರಾಂ ಸಾದಾ ಕ್ರಿಯೇಟಿನ್ ಮೊನೊಹೈಡ್ರೇಟ್ ಏಳೆಂಟು ನೂರು, ಎಂಬತ್ತು ದಿನ ಬರುತ್ತೆ. ದಿನಕ್ಕೆ ಒಂಬತ್ತು ರೂಪಾಯಿ. ಬಣ್ಣ, ರುಚಿ, ಬೇರೆ ಬೇರೆ ಹೆಸರಿನ ಕ್ರಿಯೇಟಿನ್‌ಗೆ ಎರಡು ಸಾವಿರ ಸುರಿದು ನೋಡಿದ್ದೇನೆ, ಜಾಸ್ತಿ ಏನೂ ಸಿಗಲಿಲ್ಲ. ಸ್ಪರ್ಧೆಯ ವರ್ಷ ಮಾತ್ರ ಬ್ಯಾಚ್ ಟೆಸ್ಟ್ ಆದ ಡಬ್ಬಿಗೆ ದುಡ್ಡು ಕೊಡುತ್ತೇನೆ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಸಂಸ್ಥೆ ವಾಡಾದ ನಿಷೇಧ ಪಟ್ಟಿಯಲ್ಲಿ ಕ್ರಿಯೇಟಿನ್ ಇಲ್ಲ, ಆದರೆ ಡಬ್ಬಿಯಲ್ಲಿ ಬೇರೇನೋ ಬೆರೆತಿದ್ದರೆ ಸಿಕ್ಕಿಬೀಳುವುದು ನಾವೇ.

ಪ್ಯಾಷನ್ ಫ್ರೂಟ್ ಜ್ಯೂಸಿನಲ್ಲಿ ಕಲಸಿ ಮೂರು ದಿನಕ್ಕಾಗುವಷ್ಟು ಬಾಟಲಿಯಲ್ಲಿ ಇಟ್ಟೂ ನೋಡಿದ್ದೆ. ಹಾಗೆ ಮಾಡಬೇಡಿ, ಹುಳಿಯಲ್ಲಿ ನಿಂತರೆ ಅದು ನಿಧಾನಕ್ಕೆ ಕ್ರಿಯಾಟಿನಿನ್ ಆಗಿಬಿಡುತ್ತೆ. ಕಲಸಿದ ಕೂಡಲೇ ಕುಡಿಯಿರಿ. ಬಿಸಿ ಕಾಫಿಯಲ್ಲಿ ಚೆನ್ನಾಗಿ ಕರಗುತ್ತೆ. ಕೆಫೀನ್ ಜೊತೆ ಕೆಲಸ ಕಡಿಮೆ ಆಗುತ್ತೆ ಅಂತ ಒಂದು ಹಳೇ ಪರೀಕ್ಷೆ ಇದೆ, ಅದಕ್ಕೆ ನಾನು ಬೆಳಗಿನ ಕಾಫಿಗೆ ಹಾಕದೆ ಮಧ್ಯಾಹ್ನದ ಅನ್ನದ ಜೊತೆ ತಗೊಳ್ಳುತ್ತೇನೆ. ತೂಕ ನೋಡುವ ಹಿಂದಿನ ವಾರ ಎಷ್ಟಕ್ಕೆ ಇಳಿಸುತ್ತೇನೆ, ಯಾವ ದಿನ ನಿಲ್ಲಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. 65ರಲ್ಲಿ ನನ್ನ ಜೊತೆ ಎತ್ತುವವರೂ ಇದನ್ನು ಓದುತ್ತಾರೆ.

ಜೂನ್‌ನಿಂದ ನಮ್ಮಲ್ಲಿ ಪುಡಿ ಕಲ್ಲಾಗುತ್ತೆ. ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿ, ಮೆಣಸು ಇಡುವ ಸ್ಟೀಲ್ ಡಬ್ಬದೊಳಗೆ ಇಟ್ಟಿದ್ದೇನೆ. ಗಂಟಾದದ್ದು ಕೆಟ್ಟಿರಲ್ಲ, ಒಡೆದು ತೂಗಿ ಹಾಕಬಹುದು. ಆದರೆ ಚಮಚದಲ್ಲಿ ಅಳೆಯಬೇಡಿ. ಗಂಟಿನ ಚಮಚಕ್ಕೂ ಪುಡಿ ಚಮಚಕ್ಕೂ ಒಂದೂವರೆ ಗ್ರಾಂ ವ್ಯತ್ಯಾಸ ನಾನೇ ತೂಗಿ ನೋಡಿದ್ದೇನೆ.