ಕೃತಿಚೌರ್ಯ ಎಂದರೇನು, ತಂತ್ರಾಂಶ ಅದನ್ನು ಪತ್ತೆ ಮಾಡುವುದು ಹೇಗೆ?

ಇನ್ನೊಬ್ಬರು ಬರೆದ ವಾಕ್ಯಗಳನ್ನೋ, ಅವರು ವಿಷಯವನ್ನು ಜೋಡಿಸಿದ ಕ್ರಮವನ್ನೋ ಅವರ ಹೆಸರು ಹೇಳದೆ ನಮ್ಮದೆಂಬಂತೆ ಒಪ್ಪಿಸುವುದೇ ಕೃತಿಚೌರ್ಯ. ಮಾಹಿತಿಯನ್ನು ಬಳಸುವುದು ತಪ್ಪಲ್ಲ. ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಯಿತು ಎಂಬ ಸಂಗತಿ ಯಾರೊಬ್ಬರ ಸ್ವತ್ತೂ ಅಲ್ಲ, ಆದರೆ ಆ ಸಂಗತಿಯನ್ನು ವಿವರಿಸಲು ಲೇಖಕರೊಬ್ಬರು ಕಟ್ಟಿದ ವಾಕ್ಯ ಅವರದು.

ಇದನ್ನು ಪತ್ತೆ ಮಾಡಲು ತಂತ್ರಾಂಶ ಏಕೆ ಬೇಕಾಯಿತು? ಅರವತ್ತು ಮಕ್ಕಳ ಪ್ರಾಜೆಕ್ಟ್ ಓದುವ ಶಿಕ್ಷಕರಿಗೆ ಒಂದು ವಾಕ್ಯದ ಶೈಲಿ ಆ ಮಗುವಿನದಲ್ಲ ಎಂಬ ಅನುಮಾನ ಬರಬಹುದು. ಆದರೆ ಅದು ಯಾವ ಜಾಲತಾಣದಿಂದ, ಯಾವ ಪುಸ್ತಕದಿಂದ ಬಂತೆಂದು ಹುಡುಕಿ ತೋರಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆಧಾರವಿಲ್ಲದೆ ಮಗುವಿನ ಮೇಲೆ ಅನುಮಾನಪಡುವುದೂ ಅನ್ಯಾಯವೇ. ತಂತ್ರಾಂಶವು ಅಸಂಖ್ಯ ಪುಟಗಳೊಂದಿಗೆ ಬರಹವನ್ನು ಹೋಲಿಸಿ, ಎಲ್ಲಿ ಏನು ಹೊಂದುತ್ತದೆ ಎಂಬುದನ್ನು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತದೆ.

ಈ ಹೋಲಿಕೆ ನಡೆಯುವ ಬಗೆಯನ್ನು ನೀವೇ ಕಾಗದದ ಮೇಲೆ ಮಾಡಿ ನೋಡಬಹುದು. ಮೂಲ ವಾಕ್ಯ ಹೀಗಿದೆ ಎಂದುಕೊಳ್ಳಿ: "ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳು ಸೇರುವ ಸ್ಥಳದ ಸಮೀಪ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಲಾಗಿದೆ." ವಿದ್ಯಾರ್ಥಿಯೊಬ್ಬ ಇದರಲ್ಲಿ "ಸ್ಥಳದ" ಎಂಬುದನ್ನು "ಜಾಗದ" ಎಂದೂ "ಕಟ್ಟಲಾಗಿದೆ" ಎಂಬುದನ್ನು "ನಿರ್ಮಿಸಲಾಗಿದೆ" ಎಂದೂ ಬದಲಿಸಿ ಬರೆದಿದ್ದಾನೆ.

ಮೊದಲು ಮೂಲ ವಾಕ್ಯವನ್ನು ಮೂರು ಮೂರು ಪದಗಳ ತುಂಡುಗಳಾಗಿ ಬರೆದುಕೊಳ್ಳಿ. ಮೊದಲ ತುಂಡು "ಕಾವೇರಿ ಹೇಮಾವತಿ ಮತ್ತು", ಎರಡನೆಯದು ಒಂದು ಪದ ಮುಂದೆ ಸರಿದು "ಹೇಮಾವತಿ ಮತ್ತು ಲಕ್ಷ್ಮಣತೀರ್ಥ", ಹೀಗೆ ಕೊನೆಯವರೆಗೆ. ಹನ್ನೊಂದು ಪದಗಳ ಈ ವಾಕ್ಯದಿಂದ ಒಂಬತ್ತು ತುಂಡುಗಳು ಸಿಗುತ್ತವೆ. ವಿದ್ಯಾರ್ಥಿಯ ವಾಕ್ಯವನ್ನೂ ಹಾಗೆಯೇ ಒಡೆದು ಎರಡು ಪಟ್ಟಿಗಳನ್ನು ಹೋಲಿಸಿ. "ಸ್ಥಳದ" ಎಂಬ ಪದವಿದ್ದ ಮೂರು ತುಂಡುಗಳು ಹೊಂದುವುದಿಲ್ಲ, ಕೊನೆಯ ಪದವಿದ್ದ ಒಂದು ತುಂಡೂ ಹೊಂದುವುದಿಲ್ಲ. ಉಳಿದ ಐದು ತುಂಡುಗಳು ಹಾಗೆಯೇ ಇವೆ. ಅಂದರೆ ಎರಡು ಪದ ಬದಲಿಸಿದ ಮೇಲೂ ವಾಕ್ಯದ ಅರ್ಧಕ್ಕಿಂತ ಹೆಚ್ಚು ಭಾಗ ಮೂಲದ್ದೇ ಎಂದು ತೋರುತ್ತದೆ. ಎಲ್ಲ ತಂತ್ರಾಂಶಗಳ ಒಳವಿಧಾನ ಒಂದೇ ಅಲ್ಲದಿದ್ದರೂ, ಬರಹವನ್ನು ತುಂಡುಮಾಡಿ ಹೋಲಿಸುವ ತತ್ವ ಬಹಳ ಕಡೆ ಬಳಕೆಯಲ್ಲಿದೆ.

ಎಲ್ಲ ಪದಗಳನ್ನೂ ಬದಲಿಸಿದರೆ ತಂತ್ರಾಂಶಕ್ಕೆ ತಿಳಿಯದೇ ಹೋಗಬಹುದು. ಕನ್ನಡದಲ್ಲಿ ಈ ಮಿತಿ ಇನ್ನೂ ಹೆಚ್ಚು, ಏಕೆಂದರೆ "ನದಿಗಳು" ಎಂಬುದು "ನದಿಗಳನ್ನು" ಎಂದಾದರೆ ಪದವನ್ನು ಇದ್ದಂತೆಯೇ ಹೋಲಿಸುವ ಯಂತ್ರಕ್ಕೆ ಅದು ಬೇರೆ ಪದ. ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಬರಹ ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನ ಒಳಗೆ ಬೇರೆಯೇ ಸಂಕೇತಗಳಾಗಿ ಇರುವುದರಿಂದ ಹೋಲಿಕೆ ತಪ್ಪಿಹೋಗುತ್ತದೆ. ಇಂಗ್ಲಿಷ್ ಪುಟವೊಂದನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದು ಮೂಲವನ್ನು ಹೇಳದೆ ಬಿಟ್ಟದ್ದೂ ಅನೇಕ ಸಲ ಸಿಕ್ಕಿಬೀಳುವುದಿಲ್ಲ. ಸಿಕ್ಕಿಬೀಳದಿದ್ದರೂ ಅದು ಕೃತಿಚೌರ್ಯವೇ.

ಇದರ ವಿರುದ್ಧ ದಿಕ್ಕಿನ ತಪ್ಪನ್ನೂ ತಿಳಿದಿರಬೇಕು. ಉದ್ಧರಣ ಚಿಹ್ನೆಯೊಳಗೆ ಹಾಕಿ, ಲೇಖಕರ ಹೆಸರು ಹೇಳಿದ ವಾಕ್ಯವನ್ನೂ ತಂತ್ರಾಂಶ ಬಣ್ಣ ಹಚ್ಚಿ ತೋರಿಸಬಹುದು. ಅದು ಅಳೆಯುವುದು ಹೋಲಿಕೆಯನ್ನು ಮಾತ್ರ, ಕಳವನ್ನಲ್ಲ. ಹಾಗಾಗಿಯೇ ವಿಶ್ವವಿದ್ಯಾಲಯಗಳಿಗಾಗಿ ಯುಜಿಸಿ 2018ರಲ್ಲಿ ಮಾಡಿದ ನಿಯಮಗಳು ಮೂಲ ತಿಳಿಸಿ ಉದ್ಧರಿಸಿದ ಭಾಗವನ್ನು ಲೆಕ್ಕದಿಂದ ಹೊರಗಿಡುತ್ತವೆ. ಉಳಿದದ್ದರಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಈ ನಿಯಮ ಶಾಲೆಗಳಿಗೆ ಅನ್ವಯಿಸುವುದಿಲ್ಲವಾದರೂ, ವರದಿಯಲ್ಲಿ ಬರುವ ಶೇಕಡಾವಾರನ್ನು ನೋಡಿ ನಿಲ್ಲದೆ, ಹೊಂದಿದ ಸಾಲುಗಳನ್ನು ಒಂದೊಂದಾಗಿ ಓದಬೇಕೆಂಬುದು ಶಾಲೆಗೂ ಸಲ್ಲುವ ಮಾತು.

ನೀವು ಬರೆಯುವಾಗ ಮಾಡಬೇಕಾದದ್ದು ಇಷ್ಟು. ಪಾಠವನ್ನು ಪೂರ್ತಿ ಓದಿ, ಸಂಗತಿಗಳನ್ನು ಮಾತ್ರ ಬಿಡಿ ಪದಗಳಲ್ಲಿ ಗುರುತು ಹಾಕಿಕೊಂಡು, ಪುಸ್ತಕದ ಹೆಸರು ಮತ್ತು ಪುಟ ಸಂಖ್ಯೆಯನ್ನು ಆಗಲೇ ಪಕ್ಕದಲ್ಲಿ ಬರೆದಿಡಿ. ಎಷ್ಟೋ ಸಲ ಕೃತಿಚೌರ್ಯ ಆಗುವುದೇ ಈ ಹಂತದಲ್ಲಿ, ಏಕೆಂದರೆ ಟಿಪ್ಪಣಿಯಲ್ಲಿ ಪೂರ್ಣ ವಾಕ್ಯವನ್ನೇ ನಕಲು ಮಾಡಿಟ್ಟವರು ವಾರದ ನಂತರ ಅದನ್ನು ತಮ್ಮದೇ ಎಂದು ಭಾವಿಸುತ್ತಾರೆ. ಆಮೇಲೆ ಪುಸ್ತಕ ಮುಚ್ಚಿ, ಟಿಪ್ಪಣಿಯನ್ನಷ್ಟೇ ಎದುರಿಗಿಟ್ಟುಕೊಂಡು ಬರೆಯಿರಿ. ಮೇಲಿನ ವಾಕ್ಯವೇ ಆಗ ಹೀಗೆ ಬರಬಹುದು: "ಕೃಷ್ಣರಾಜಸಾಗರದಲ್ಲಿ ನಿಲ್ಲುವುದು ಕಾವೇರಿಯ ನೀರು ಮಾತ್ರವಲ್ಲ, ಹೇಮಾವತಿ, ಲಕ್ಷ್ಮಣತೀರ್ಥಗಳ ನೀರೂ ಅಲ್ಲಿಗೆ ಬಂದು ಸೇರುತ್ತದೆ." ಕೊನೆಗೆ ಪುಸ್ತಕ ತೆರೆದು ಹೆಸರು, ಇಸವಿ ಸರಿಯಿವೆಯೇ ಎಂದು ನೋಡಿ, ವಾಕ್ಯದ ಮುಂದೆ ಮೂಲವನ್ನು ತಿಳಿಸಿ.